ಯುಗಾದಿ ಸಂಜೆಯ 30 ಸೆಕೆಂಡು: ಒಮ್ಮೆ ಕೇಳಿದರೆ ನೆನಪಲ್ಲಿ ಉಳಿಯುವ ರೇಡಿಯೊ ಶುಭಾಶಯ ಬರೆಯುವುದು ಹೇಗೆ

ಹಬ್ಬದ ದಿನ ಸ್ಟೇಷನ್ನಿನಿಂದ ಹೊರಡುವ ಶುಭಾಶಯಗಳಲ್ಲಿ ಹೆಚ್ಚಿನವು ಕೇಳಿದ ಮರುಕ್ಷಣವೇ ಮರೆತು ಹೋಗುತ್ತವೆ. ಓದುವವರ ದನಿ ಚೆನ್ನಾಗಿರುತ್ತದೆ, ಭಾಷೆ ಶುದ್ಧವಾಗಿರುತ್ತದೆ. ಆದರೆ ಕೇಳಿದವರ ಕಣ್ಣಿಗೆ ಏನೂ ಕಾಣುವುದಿಲ್ಲ, ಕೈಗೆ ಒಂದು ಕೆಲಸವೂ ಸಿಗುವುದಿಲ್ಲ. ನೆನಪಲ್ಲಿ ಉಳಿಯುವ ಶುಭಾಶಯದಲ್ಲಿ ಎರಡೇ ಸಂಗತಿ ಇರುತ್ತವೆ: ಕಣ್ಣಿಗೆ ಕಟ್ಟುವ ಒಂದು ವಸ್ತು, ಕೇಳಿದ ಕೂಡಲೇ ಮಾಡಬಹುದಾದ ಒಂದು ಕೆಲಸ. ಉಳಿದದ್ದೆಲ್ಲ ಇವೆರಡಕ್ಕೂ ಜಾಗ ಬಿಟ್ಟುಕೊಡಬೇಕು.

ದಾವಣಗೆರೆ, ಚಿತ್ರದುರ್ಗದ ಕೇಳುಗರಿಗೆ ಯುಗಾದಿ ಸಂಜೆ ಪ್ರಸಾರವಾಗುವ ಒಂದೇ ಒಂದು ಶುಭಾಶಯವನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ಕಟ್ಟೋಣ. ಆಕಾಶವಾಣಿಯ ಉದ್ಘೋಷಕರಿಗೂ, ಸಮುದಾಯ ರೇಡಿಯೊದಲ್ಲಿ ಕೂರುವ ಹೊಸಬರಿಗೂ, ಖಾಸಗಿ ಎಫ್‌ಎಂನ ಆರ್‌ಜೆಗಳಿಗೂ ದಾರಿ ಒಂದೇ.

ಮೊದಲು ಹೊತ್ತು ಗೊತ್ತು ಮಾಡಿ, ಆಮೇಲೆ ಮಾತು

ಪೆನ್ನು ಹಿಡಿಯುವ ಮೊದಲು ಇದು ಎಷ್ಟು ಗಂಟೆಗೆ ಪ್ರಸಾರವಾಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಯುಗಾದಿ ಬೆಳಿಗ್ಗೆ ಏಳಕ್ಕೆ ಮನೆಯಲ್ಲಿ ಎಣ್ಣೆ ಸ್ನಾನ ನಡೆದಿರುತ್ತದೆ, ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿರುತ್ತಾರೆ. ಹನ್ನೊಂದಕ್ಕೆ ಒಲೆ ಮುಂದೆ ಹೋಳಿಗೆ. ಮಧ್ಯಾಹ್ನ ಊಟವಾಗಿ ಮನೆಯೆಲ್ಲ ಮಲಗಿರುತ್ತದೆ. ಸಂಜೆ ಆರಕ್ಕೆ ಎಲ್ಲರೂ ಎದ್ದು, ಮುಖ ತೊಳೆದು, ಚಂದ್ರನನ್ನು ನೋಡಲು ಕಾಯುತ್ತಿರುತ್ತಾರೆ. ಒಂದೇ ಬರಹವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಾಕುತ್ತಾ ಹೋದರೆ ಅದು ಈ ಯಾವ ಹೊತ್ತಿಗೂ ಸೇರುವುದಿಲ್ಲ. ಬೆಳಿಗ್ಗೆಗೆ ಬೇರೆ ಬರೆಯಿರಿ, ಸಂಜೆಗೆ ಬೇರೆ. ಎರಡು ಬರೆಯಲು ಪುರುಸೊತ್ತಿಲ್ಲದಿದ್ದರೆ ಸಂಜೆಯದನ್ನು ಬರೆಯಿರಿ. ಅಷ್ಟು ಹೊತ್ತಿಗೆ ಬೆಳಗಿನ ಶುಭಾಶಯಗಳ ಗದ್ದಲ ಅಡಗಿರುತ್ತದೆ, ಕೇಳುವವರ ಕೈಯೂ ಖಾಲಿ ಇರುತ್ತದೆ.

ಸಂಜೆಯದಕ್ಕೆ ಒಂದು ಲೆಕ್ಕ ಬೇಕು. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದಲ್ಲಿ ದಾವಣಗೆರೆಯಲ್ಲಿ ಹೊತ್ತು ಮುಳುಗುವುದು ಸುಮಾರು 6.35ಕ್ಕೆ. ಎಳೆ ಚಂದ್ರ ಬರಿಗಣ್ಣಿಗೆ ಕಾಣಲು ಆಕಾಶ ಸ್ವಲ್ಪ ಕಪ್ಪಾಗಬೇಕು. ಅದಕ್ಕೆ ಇನ್ನೊಂದು ಹದಿನೈದು, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆಮೇಲೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಚಂದ್ರನೂ ಮುಳುಗುತ್ತಾನೆ. ಅಂದರೆ ನಿಮ್ಮ ಶುಭಾಶಯ 6.00ರಿಂದ 6.40ರ ನಡುವೆ ಹೋಗಬೇಕು. 7.30ಕ್ಕೆ "ಮಾಳಿಗೆ ಹತ್ತಿ ನೋಡಿ" ಎಂದು ಹೇಳಿದರೆ ಹತ್ತಿದವರಿಗೆ ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ, ನಿಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಚಿತ್ರದುರ್ಗದ ಹಳೇ ಊರಿನವರಿಗೆ ಇನ್ನೂ ಬೇಗ ಬೇಕು. ಕೋಟೆಯ ಬೆಟ್ಟಸಾಲು ಊರಿನ ಪಡುವಣಕ್ಕೇ ನಿಂತಿರುವುದರಿಂದ ಚಂದ್ರ ಬೆಟ್ಟದ ಹಿಂದೆ ಸ್ವಲ್ಪ ಮುಂಚೆಯೇ ಮರೆಯಾಗುತ್ತಾನೆ.

ಯಾವ ದಿನ ಎನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಪಾಡ್ಯದ ಸಂಜೆಯೇ ಚಂದ್ರ ಕಾಣುತ್ತಾನೆ ಎನ್ನುವಂತಿಲ್ಲ. ಎಷ್ಟೋ ವರ್ಷ ಬಿದಿಗೆಯ ಸಂಜೆಯೇ ಕಾಣುವುದು. ಇದನ್ನು ಪಂಚಾಂಗ ನೋಡಿ ಮುಂಚೆಯೇ ಅಂದಾಜು ಮಾಡಬಹುದು. ಅಮಾವಾಸ್ಯೆ ಮುಗಿಯುವ ಗಂಟೆಯಿಂದ ಹಬ್ಬದ ದಿನದ ಸೂರ್ಯಾಸ್ತದವರೆಗೆ ಎಷ್ಟು ಗಂಟೆ ಆಗುತ್ತದೆ ಎಂದು ಎಣಿಸಿ. 24 ಗಂಟೆ ದಾಟಿದ್ದರೆ, ಮೋಡ ಇಲ್ಲದಿದ್ದರೆ, ಸಾಮಾನ್ಯವಾಗಿ ಚಂದ್ರ ಕಾಣುತ್ತಾನೆ. 15 ಗಂಟೆಗಿಂತ ಕಡಿಮೆ ಇದ್ದರೆ ಬರಿಗಣ್ಣಿನ ಆಸೆ ಬಿಡಿ. ನಡುವಿನದು ಅನುಮಾನದ ಹೊತ್ತು.

2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಅಮಾವಾಸ್ಯೆ 29ರ ಸಂಜೆ ನಾಲ್ಕೂವರೆಯ ಸುಮಾರಿಗೆ ಮುಗಿದಿತ್ತು. 30ರ ಸೂರ್ಯಾಸ್ತದ ಹೊತ್ತಿಗೆ ಚಂದ್ರನಿಗೆ 26 ಗಂಟೆ ಆಗಿತ್ತು. ಹಬ್ಬದ ಸಂಜೆಯೇ ಕಾಣುವ ಚಂದ್ರ ಅದು. 2026ರ ಯುಗಾದಿ ಮಾರ್ಚ್ 19. ಅಮಾವಾಸ್ಯೆ ಮುಗಿಯುವುದು ಅದೇ ದಿನ ಬೆಳಿಗ್ಗೆ ಏಳರ ಸುಮಾರಿಗೆ. ಸಂಜೆ ಹೊತ್ತು ಮುಳುಗುವಾಗ ಚಂದ್ರನಿಗೆ ಹನ್ನೆರಡು ಗಂಟೆಯೂ ತುಂಬಿರುವುದಿಲ್ಲ. ಅಂಥ ವರ್ಷ ಚಂದ್ರನ ಶುಭಾಶಯವನ್ನು ಮರುದಿನ ಸಂಜೆಗೆ ಇಡಬೇಕು. ಈ ಐದು ನಿಮಿಷದ ಲೆಕ್ಕ ಮಾಡದೆ ಬರೆದ ಶುಭಾಶಯ ಎಷ್ಟೇ ಚೆಂದ ಇದ್ದರೂ ಜನರನ್ನು ಸುಮ್ಮನೆ ಮಾಳಿಗೆಗೆ ಹತ್ತಿಸಿ ಇಳಿಸುತ್ತದೆ.

ಎಲ್ಲರೂ ಬರೆಯುವ ಮೊದಲ ಕರಡು

ಹೊಸಬರು ಬರೆಯುವ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

"ಪ್ರಿಯ ಕೇಳುಗರೇ, ಸಮಸ್ತ ನಾಡಿನ ಜನತೆಗೆ ಹೊಸ ಸಂವತ್ಸರದ ಹಾಗೂ ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು. ಬೇವು-ಬೆಲ್ಲದಂತೆ ಸುಖ-ದುಃಖಗಳನ್ನು ಸಮನಾಗಿ ಸ್ವೀಕರಿಸುತ್ತಾ, ಹೊಸ ವರ್ಷವು ಎಲ್ಲರ ಬಾಳಿನಲ್ಲಿ ಸುಖ, ಶಾಂತಿ, ನೆಮ್ಮದಿ, ಆರೋಗ್ಯ, ಐಶ್ವರ್ಯಗಳನ್ನು ತರಲಿ ಎಂದು ಹಾರೈಸುತ್ತೇವೆ."

ಇದರಲ್ಲಿ 28 ಪದ ಮಾತ್ರ ಇವೆ. ಉದ್ದ ಇದರ ತೊಂದರೆಯಲ್ಲ. ಮೊದಲ ತೊಂದರೆ ವಾಕ್ಯದ ಕಟ್ಟಿನಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಓದುವವರು ಕಣ್ಣನ್ನು ಹಿಂದಕ್ಕೆ ಹೊರಳಿಸಿ ಮತ್ತೆ ನೋಡಬಹುದು, ಕೇಳುವವರಿಗೆ ಆ ಅವಕಾಶ ಇಲ್ಲ. ಎರಡನೇ ವಾಕ್ಯದಲ್ಲಿ ಅವರು "ತರಲಿ" ಎಂಬ ಮಾತು ಬರುವವರೆಗೆ ಹನ್ನೆರಡು ಹದಿಮೂರು ಪದಗಳನ್ನು ತಲೆಯಲ್ಲಿ ಹೊತ್ತು ಕಾಯಬೇಕು. ಆ ಹೊತ್ತಿಗೆ ಕುಕ್ಕರ್ ಕೂಗುತ್ತದೆ, ಇಲ್ಲವೇ ಪಕ್ಕದಲ್ಲಿ ಲಾರಿ ಹಾದು ಹೋಗುತ್ತದೆ, ಹೊತ್ತದ್ದೆಲ್ಲ ಚೆಲ್ಲಿ ಹೋಗುತ್ತದೆ. ಅದರ ಮೇಲೆ ವ್ಯಾಕರಣವೂ ತಪ್ಪಿದೆ: ಸುಖ-ದುಃಖವನ್ನು ಸ್ವೀಕರಿಸುತ್ತಾ ಇರುವವರು ಯಾರು? ವಾಕ್ಯದ ಪ್ರಕಾರ ಹೊಸ ವರ್ಷವೇ! "-ಉತ್ತಾ" ಎಂದು ಎಳೆದ ವಾಕ್ಯಗಳಲ್ಲಿ ಈ ತಪ್ಪು ಪದೇ ಪದೇ ನುಸುಳುತ್ತದೆ. ಕರಡಿನಲ್ಲಿ "-ಉತ್ತಾ" ಕಂಡಲ್ಲೆಲ್ಲ ನಿಂತು, ಅದನ್ನು ಮಾಡುವವರು ಯಾರು ಎಂದು ಕೇಳಿಕೊಳ್ಳಿ.

ಎರಡನೆಯದು, ಸುಖ, ಶಾಂತಿ, ನೆಮ್ಮದಿ, ಆರೋಗ್ಯ, ಐಶ್ವರ್ಯ ಎಂಬ ಐದು ಪದಗಳಲ್ಲಿ ಯಾವುದೂ ಕಣ್ಣಿಗೆ ಕಾಣುವುದಲ್ಲ. ಅವನ್ನು ದೀಪಾವಳಿಗೂ, ದಸರೆಗೂ, ಗೃಹಪ್ರವೇಶಕ್ಕೂ ಹೇಳಬಹುದು. ಯುಗಾದಿ ಎಂಬ ಪದ ತೆಗೆದು ಬೇರೆ ಹಬ್ಬದ ಹೆಸರು ಹಾಕಿ ನೋಡಿ. ಬರಹ ಆಗಲೂ ನಿಲ್ಲುತ್ತದಾದರೆ ಅದು ಯಾವ ಹಬ್ಬದ್ದೂ ಅಲ್ಲ.

ಬೇವು-ಬೆಲ್ಲ ಕಣ್ಣಿಗೆ ಕಾಣುವ ವಸ್ತುವೇ. ಆದರೆ ಆ ದಿನ ಅದನ್ನು ಹೇಳದವರು ಯಾರೂ ಇಲ್ಲ. ಪತ್ರಿಕೆಯ ಜಾಹೀರಾತಿನಿಂದ ಹಿಡಿದು ಮೊಬೈಲಿಗೆ ಬರುವ ಚಿತ್ರದವರೆಗೆ ಎಲ್ಲೆಲ್ಲೂ ಅದೇ ಮಾತು. ಸಂಜೆ ಆರಕ್ಕೆ ನೀವು ಮತ್ತೆ ಅದನ್ನೇ ಹೇಳಿದರೆ ಕಿವಿ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಸಂವತ್ಸರದ ಹೆಸರು ಹಾಕಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. ಅರವತ್ತು ಹೆಸರುಗಳಲ್ಲಿ ಕೆಲವು ಕಿವಿಗೆ ಹಿತ, ಕೆಲವು ಅಲ್ಲ. 2025ರಲ್ಲಿ ಶುರುವಾದದ್ದು ವಿಶ್ವಾವಸು, 2026ರದು ಪರಾಭವ. "ಪರಾಭವದ ಶುಭಾಶಯ" ಎಂದು ಅರೆಗಿವಿಯಲ್ಲಿ ಕೇಳಿಸಿಕೊಂಡವರು ಏನೆಂದುಕೊಳ್ಳಬಹುದು, ಯೋಚಿಸಿ. ಹೆಸರು ತಿಳಿಯಬೇಕಾದವರು ಪಂಚಾಂಗ ಶ್ರವಣದಲ್ಲಿ ಕೇಳಿರುತ್ತಾರೆ. 30 ಸೆಕೆಂಡಿನ ಶುಭಾಶಯದಿಂದ ಅದನ್ನು ಬಿಡುವುದೇ ಒಳ್ಳೆಯದು.

ಒಂದೇ ವಸ್ತು, ಒಂದೇ ಕೆಲಸ

ಒಂದು ಹಾಳೆಯಲ್ಲಿ, ನೀವು ಆರಿಸಿದ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ನಿಜವಾಗಿ ಏನು ನಡೆಯುತ್ತಿರುತ್ತದೆ ಎಂದು ಬರೆಯುತ್ತಾ ಹೋಗಿ. ಯುಗಾದಿ ಸಂಜೆಗೆ ನಮ್ಮ ಪಟ್ಟಿಯಲ್ಲಿ ಇವು ಬರುತ್ತವೆ: ಚಂದ್ರನನ್ನು ನೋಡುವುದು, ನೋಡಿ ಕೈ ಮುಗಿಯುವುದು, ಮನೆಯ ಹಿರಿಯರ ಕಾಲಿಗೆ ನಮಸ್ಕಾರ ಮಾಡುವುದು, ಪಕ್ಕದ ಮನೆಯವರನ್ನು "ಚಂದ್ರ ಕಂಡ್ತಾ?" ಎಂದು ಕೂಗಿ ಕೇಳುವುದು, ಬೆಂಗಳೂರಿಗೆ ಹೊರಡುವವರ ಬಸ್ಸಿನ ಗಡಿಬಿಡಿ. ಇದರಲ್ಲಿ ಕಣ್ಣಿಗೆ ಕಟ್ಟುವುದು ಚಂದ್ರ. ಮಾಡುವ ಕೆಲಸ ನಮಸ್ಕಾರ. ಜನರ ಬಾಯಲ್ಲಿ ಈಗಾಗಲೇ ಓಡಾಡುವ ಮಾತು "ಚಂದ್ರ ಕಂಡ್ತಾ?"

ಆ ಕೊನೆಯದು ನಿಮ್ಮ ಬಂಡವಾಳ. ಹೊಸ ಸಾಲೊಂದನ್ನು ಹೊಸೆದು ಜನರ ನೆನಪಿಗೆ ತುರುಕುವುದು ಕಷ್ಟ. ಅವರು ಇನ್ನೈದು ನಿಮಿಷಕ್ಕೆ ತಾವೇ ಆಡಲಿರುವ ಮಾತಿನಲ್ಲಿ ನಿಮ್ಮ ಶುಭಾಶಯ ಮುಗಿದರೆ, ಆ ಮಾತು ಆಡಿದಾಗಲೆಲ್ಲ ಶುಭಾಶಯ ನೆನಪಾಗುತ್ತದೆ.

ಈಗ ಬರೆಯುವುದು ಹೀಗಾಗುತ್ತದೆ:

ಎಲ್ಲರಿಗೂ ಯುಗಾದಿ ಶುಭಾಶಯ.
ಇನ್ನೇನು ಹೊತ್ತು ಮುಳುಗುತ್ತೆ.
ಮಾಳಿಗೆ ಹತ್ತಿ.
ಹೊತ್ತು ಮುಳುಗೋ ಕಡೆಗೇ ನೋಡ್ತಾ ಇರಿ.
ಎಳೆ ಚಂದ್ರ, ಉಗುರಿನಷ್ಟು.
ಕಂಡರೆ ಕೈ ಮುಗೀರಿ.
ಆಮೇಲೆ ಹಿರಿಯರ ಕಾಲಿಗೆ ನಮಸ್ಕಾರ ಮಾಡಿ.
ಹಿರಿಯರು ದೂರದ ಊರಲ್ಲಿದ್ದರೆ, ಒಂದು ಫೋನ್ ಮಾಡಿ.
ಮೊದಲು ಇದನ್ನೇ ಕೇಳಿ:
ಚಂದ್ರ ಕಂಡ್ತಾ?

ಇದು 35 ಪದ. ನಿಧಾನವಾಗಿ, ಉಸಿರು ಬಿಟ್ಟು ಓದಿದರೆ ಇಪ್ಪತ್ತೈದು ಸೆಕೆಂಡಿನ ಆಸುಪಾಸು. ಮೇಲೆ ಕೆಳಗೆ ಸಂಗೀತಕ್ಕೆ ಐದು ಸೆಕೆಂಡು ಉಳಿಯುತ್ತದೆ. ಕನ್ನಡದಲ್ಲಿ ಪದ ಎಣಿಸಿ ಹೊತ್ತು ಅಳೆಯುವುದನ್ನು ಪೂರ್ತಿ ನಂಬಬೇಡಿ. "ಕೈ" ಕೂಡ ಒಂದು ಪದ, "ಹಾರೈಸುತ್ತಿದ್ದೇವೆ" ಕೂಡ ಒಂದು ಪದ. ಅಕ್ಷರ ಎಣಿಸಿದರೆ ಅಂದಾಜು ಸರಿಯಾಗುತ್ತದೆ: ಹಿತವಾದ ಓದಿಗೆ ಸೆಕೆಂಡಿಗೆ ಸುಮಾರು ಐದು ಅಕ್ಷರ, ಅದರ ಮೇಲೆ ನಿಲುಗಡೆಗಳ ಹೊತ್ತು. ಮೇಲಿನದರಲ್ಲಿ ನೂರರ ಹತ್ತಿರ ಅಕ್ಷರ ಇವೆ.

ಪ್ರತಿ ಸಾಲಿನ ಜಾಗಕ್ಕೂ ಕಾರಣ ಇದೆ. ಶುಭಾಶಯ ಎಂಬ ಪದ ಕೊನೆಗೆ ಬರಬೇಕು ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ಇಲ್ಲಿ ಅದನ್ನು ಬೇಕೆಂದೇ ಮೊದಲಿಗೆ ಇಟ್ಟಿದೆ. ಹಾಡು ಮುಗಿದು ಮಾತು ಶುರುವಾದಾಗ ಮೊದಲ ಒಂದೆರಡು ಸೆಕೆಂಡು ಕಿವಿ ಇನ್ನೂ ಹಾಡಿನಲ್ಲೇ ಇರುತ್ತದೆ. ಆ ಜಾಗದಲ್ಲಿ ಏನಿಟ್ಟರೂ ಅರ್ಧ ಕಳೆದು ಹೋಗುತ್ತದೆ. ಹಾಗಾಗಿ ಅರ್ಧ ಕೇಳಿದರೂ ಪೂರ್ತಿ ತಿಳಿಯುವ ಮಾತನ್ನೇ ಅಲ್ಲಿಡಬೇಕು. "ಯುಗಾದಿ ಶುಭಾಶಯ" ಅಂಥ ಮಾತು. ಕೊನೆಯ ಜಾಗ ಕಿವಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅದು ನೆನಪಿನ ಮಾತಿಗೆ ಮೀಸಲು. ಆಮೇಲೆ ಸ್ಟೇಷನ್ನಿನ ಹೆಸರನ್ನೂ ಹೇಳಬೇಡಿ. ಹೆಸರು ಕಡ್ಡಾಯವಾದರೆ ಮೊದಲ ಸಾಲಿಗೆ ಸೇರಿಸಿ.

"ಹೊತ್ತು ಮುಳುಗು" ಎರಡು ಸಲ ಬಂದಿದೆ. ಪುಸ್ತಕದ ಬರಹದಲ್ಲಿ ಎರಡನೆಯದನ್ನು "ಪಶ್ಚಿಮ" ಎಂದು ಬದಲಿಸಬೇಕು ಅನ್ನಿಸುತ್ತದೆ. ಕಿವಿಗೆ ಬರೆಯುವಾಗ ಬದಲಿಸಬೇಡಿ. ಮೊದಲ ಸಲ ತಪ್ಪಿಸಿಕೊಂಡವರನ್ನು ಎರಡನೆಯದು ಹಿಡಿಯುತ್ತದೆ, ಮಾಳಿಗೆ ಮೇಲೆ ಯಾವ ಕಡೆ ತಿರುಗಬೇಕು ಎಂಬುದೂ ಅದರಲ್ಲೇ ಇದೆ.

"ಕಂಡರೆ" ಎಂಬುದನ್ನು ಯಾರಾದರೂ ತಿದ್ದಲು ಬಂದರೆ ಬಿಟ್ಟುಕೊಡಬೇಡಿ. "ಚಂದ್ರ ಕಾಣುತ್ತಿದ್ದಾನೆ" ಎಂದು ರೆಕಾರ್ಡ್ ಮಾಡಿಟ್ಟರೆ, ಮೋಡ ಕವಿದ ಸಂಜೆ ಅದು ಸುಳ್ಳಾಗುತ್ತದೆ. ಮೊದಲೇ ಮಾಡಿಟ್ಟ ಧ್ವನಿಯಲ್ಲಿ ನೀವು ಕಣ್ಣಾರೆ ನೋಡದ ಯಾವುದನ್ನೂ ನಡೆದಂತೆ ಹೇಳಬಾರದು.

ಯಾರ ಕನ್ನಡದಲ್ಲಿ ಮಾತಾಡುವುದು

ನಮ್ಮ ಎರಡು ಜಿಲ್ಲೆಗಳ ಮಾತು ಒಂದೇ ತರಹ ಇಲ್ಲ. ಹರಿಹರದ ಕಡೆ ಹೋದಂತೆ "ಬರ್ರಿ, ನೋಡ್ರಿ, ಐತಿ" ಕೇಳಿಸುತ್ತದೆ. ಹಿರಿಯೂರಿನ ಕಡೆ ಇಳಿದಂತೆ "ಬನ್ನಿ, ನೋಡಿ, ಐತೆ". ಪ್ರಸಾರ ಎರಡೂ ಕಡೆಗೆ ಮುಟ್ಟುತ್ತದೆ. ಒಂದು ಕಡೆಯ ಮಾತನ್ನು ಪೂರ್ತಿ ಹಿಡಿದರೆ ಇನ್ನೊಂದು ಕಡೆಯವರಿಗೆ ಅದು ಅನುಕರಣೆಯಂತೆ ಕೇಳುತ್ತದೆ, ಅದರಲ್ಲೂ ಹುಟ್ಟಿನಿಂದ ಆಡದವರು ಆಡಿದರೆ ತಕ್ಷಣ ಗೊತ್ತಾಗುತ್ತದೆ. ಆದ್ದರಿಂದ ಎರಡೂ ಕಡೆ ಪರಕೀಯ ಅನ್ನಿಸದ ರೂಪಗಳನ್ನು ಆರಿಸಬೇಕು: ನೋಡಿ, ಮಾಡಿ, ಕೇಳಿ. ಊರಿನ ರುಚಿಯನ್ನು ಕ್ರಿಯಾಪದದ ಬಾಲದಲ್ಲಿ ಹುಡುಕುವ ಬದಲು ಹೆಸರುಗಳಲ್ಲಿ ಇಡಿ. "ಮಾಳಿಗೆ", "ಹೊತ್ತು" ಎಂಬ ಪದಗಳು ಹಳ್ಳಿಯವರಿಗೂ ಪೇಟೆಯವರಿಗೂ ಹತ್ತಿರ. "ತಾರಸಿ" ಎಂದರೆ ಪಿ.ಜೆ. ಬಡಾವಣೆಗೆ ಸರಿ, ಜಗಳೂರಿನ ಹಳ್ಳಿಗೆ ಅಲ್ಲ.

ಇನ್ನೊಂದು ಎಚ್ಚರ: ಒಂದೇ ಶುಭಾಶಯದಲ್ಲಿ "ಮುಳುಗುತ್ತೆ" ಎಂದೂ "ನಮಸ್ಕರಿಸಿರಿ" ಎಂದೂ ಬಂದರೆ ಇಬ್ಬರು ಬೇರೆ ಬೇರೆಯವರು ಮಾತಾಡಿದಂತೆ ಆಗುತ್ತದೆ. ಆಡುಮಾತು ಹಿಡಿದರೆ ಕೊನೆಯವರೆಗೂ ಅದೇ ಇರಲಿ.

ಊರಿನ ಗುರುತುಗಳ ಆಸೆಯೂ ಬಿಡಬೇಕು. ಬೆಣ್ಣೆದೋಸೆ, ಏಳುಸುತ್ತಿನ ಕೋಟೆ, ಓಬವ್ವನ ಕಿಂಡಿ, ಸೂಳೆಕೆರೆ, ವಾಣಿವಿಲಾಸ ಸಾಗರ, ಇವನ್ನೆಲ್ಲ ಪೋಣಿಸಿದರೆ ಅದು ಪ್ರವಾಸದ ಜಾಹೀರಾತಾಗುತ್ತದೆ. ಸ್ಥಳೀಯ ರೇಡಿಯೊ ಸ್ಥಳದ ಹೆಸರು ಹೇಳಿ ತಾನು ಸ್ಥಳೀಯ ಎಂದು ತೋರಿಸಬೇಕಿಲ್ಲ. ಜನ ಈ ಹೊತ್ತಿಗೆ ಏನು ಮಾಡುತ್ತಿದ್ದಾರೆ ಎಂದು ಸರಿಯಾಗಿ ತಿಳಿದಿದ್ದರೆ ಸಾಕು.

ಆದರೆ ಒಂದು ಸಂಗತಿಯನ್ನು ಮರೆಯುವಂತಿಲ್ಲ. ಕೆಲವು ವರ್ಷ ಯುಗಾದಿ ಮತ್ತು ರಂಜಾನ್ ಹಬ್ಬ ಬೆನ್ನಿಗೆ ಬೆನ್ನು ಹಚ್ಚಿ ಬರುತ್ತವೆ. 2025ರಲ್ಲಿ ಯುಗಾದಿ ಮಾರ್ಚ್ 30, ಈದ್ 31. ಎರಡೂ ಮನೆಯವರು ಅದೇ ಸಂಜೆ, ಅದೇ ದಿಕ್ಕಿಗೆ, ಅದೇ ಎಳೆ ಚಂದ್ರನಿಗೆ ಕಾಯುತ್ತಿದ್ದರು. ಅಂಥ ವರ್ಷ ಬಂದಾಗ ಫೋನಿನ ಸಾಲು ತೆಗೆದು ಹೀಗೆ ಮಾಡಬಹುದು:

ಇವತ್ತು ಎಲ್ಲಾ ಮಾಳಿಗೆ ಮೇಲೂ ಜನ.
ಯುಗಾದಿಯವರೂ, ರಂಜಾನಿನವರೂ, ಒಂದೇ ಚಂದ್ರನಿಗೆ ಕಾಯ್ತಿದ್ದಾರೆ.
ಪಕ್ಕದ ಮಾಳಿಗೆಯವರನ್ನೂ ಕೇಳಿ:
ಚಂದ್ರ ಕಂಡ್ತಾ?

ಸೌಹಾರ್ದ, ಭಾವೈಕ್ಯ ಎಂಬ ದೊಡ್ಡ ಪದಗಳನ್ನು ಇದರ ಪಕ್ಕ ಇಡಬೇಡಿ. ಪಕ್ಕದ ಮಾಳಿಗೆ ಎನ್ನುವುದರಲ್ಲೇ ಅದು ಬಂತು. "ನಾಳೆ ಈದ್" ಎಂದು ಮಾತ್ರ ಎಂದೂ ಹೇಳಬೇಡಿ. ಚಂದ್ರ ಕಂಡ ನಂತರ ಅದನ್ನು ಸಾರುವುದು ಆ ಸಮುದಾಯದ ಹಿರಿಯರ ಕೆಲಸ.

ಹಾಳೆಯಿಂದ ಬಾಯಿಗೆ

ಬರೆದದ್ದನ್ನು ಮನಸ್ಸಿನಲ್ಲಿ ಓದಬೇಡಿ. ಎದ್ದು ನಿಂತು, ಗಟ್ಟಿಯಾಗಿ, ಮೊಬೈಲಿನ ಗಡಿಯಾರ ಹಾಕಿಕೊಂಡು ಓದಿ. ನಾಲಿಗೆ ಎಲ್ಲಿ ಎಡವುತ್ತದೋ ಅಲ್ಲಿ ನಾಲಿಗೆಯ ತಪ್ಪಿಲ್ಲ, ಬರಹ ಬದಲಾಗಬೇಕು. "ಊರಲ್ಲಿದ್ದರೆ, ಒಂದು" ಎಂಬಲ್ಲಿ ಅಲ್ಪವಿರಾಮ ನುಂಗಿದರೆ "ಇದ್ದರೊಂದು" ಆಗಿಬಿಡುತ್ತದೆ. ಅಲ್ಲಿ ಅರ್ಧ ಉಸಿರು ನಿಲ್ಲಲೇಬೇಕು.

ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಒಂದು ಓರೆಗೆರೆ ಎಂದರೆ ಅರ್ಧ ಸೆಕೆಂಡು, ಎರಡು ಓರೆಗೆರೆ ಎಂದರೆ ಒಂದು ಸೆಕೆಂಡು. "ಮಾಳಿಗೆ ಹತ್ತಿ" ಆದ ಮೇಲೆ ಎರಡು. ಕೇಳುವವರು ಮನಸ್ಸಿನಲ್ಲೇ ಮೆಟ್ಟಿಲು ಹತ್ತಲು ಅಷ್ಟು ಹೊತ್ತು ಬೇಕು. "ಮೊದಲು ಇದನ್ನೇ ಕೇಳಿ" ಆದ ಮೇಲೂ ಎರಡು. ಉಳಿದ ಕಡೆ ಒಂದೊಂದು. ಎರಡು ಸೆಕೆಂಡಿಗಿಂತ ಹೆಚ್ಚು ಎಲ್ಲೂ ಸುಮ್ಮನಿರಬೇಡಿ, ಪ್ರಸಾರ ನಿಂತಿತು ಎಂದು ಸ್ಟೇಷನ್ ಬದಲಿಸುತ್ತಾರೆ.

ಉಚ್ಚಾರದಲ್ಲಿ ಈ ಬರಹಕ್ಕೆ ಮೂರು ಕಡೆ ಕಾಳಜಿ ಬೇಕು. "ಹೊತ್ತು", "ಹತ್ತಿ", "ಹಿರಿಯರು" ಮೂರೂ ಹಕಾರದಿಂದ ಶುರು. ಅವಸರದಲ್ಲಿ "ಒತ್ತು", "ಅತ್ತಿ", "ಇರಿಯರು" ಆಗುತ್ತವೆ, ಕೊನೆಯದಂತೂ ಅರ್ಥವನ್ನೇ ಕೆಡಿಸುತ್ತದೆ. "ಎಳೆ", "ಮಾಳಿಗೆ" ಇವುಗಳ ಳಕಾರ ಲಕಾರ ಆಗಬಾರದು. ಮೂರನೆಯದು "ಶುಭಾಶಯ". ಅದರ ಭಕಾರ ಮೈಕಿಗೆ ಗಾಳಿ ಹೊಡೆಯುತ್ತದೆ, ಧ್ವನಿಯಲ್ಲಿ "ಢಬ್" ಎಂದು ಕೇಳುತ್ತದೆ. ಮೈಕನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಓರೆಗೆ, ಒಂದು ಗೇಣು ದೂರ ಇಟ್ಟರೆ ಗಾಳಿ ಪಕ್ಕಕ್ಕೆ ಹೋಗುತ್ತದೆ. ಆಗಲೂ ಹೊಡೆದರೆ ಮೈಕಿನ ಮುಂದೆ ಜಾಲರಿ ಹಾಕಿ.

ಕೊನೆಯ "ಚಂದ್ರ ಕಂಡ್ತಾ?" ಓದಿದ ಹಾಗೆ ಇರಬಾರದು, ಕೇಳಿದ ಹಾಗೆ ಇರಬೇಕು. ಇದಕ್ಕೆ ಒಂದು ಸುಲಭ ಉಪಾಯ: ಸ್ಟುಡಿಯೊದ ಗಾಜಿನಾಚೆ ಯಾರನ್ನಾದರೂ ನಿಲ್ಲಿಸಿ, ಆ ಸಾಲು ಬಂದಾಗ ಹಾಳೆಯಿಂದ ಕಣ್ಣು ತೆಗೆದು ಅವರನ್ನೇ ನೋಡಿ ಕೇಳಿ. ದನಿ ತಾನಾಗಿ ಸರಿಹೋಗುತ್ತದೆ.

ಹಿನ್ನೆಲೆಯ ಸಂಗೀತ

ಹಬ್ಬ ಎಂದ ಕೂಡಲೇ ನಾದಸ್ವರ ಅಥವಾ ಶಹನಾಯಿ ಹಾಕುವ ರೂಢಿ ಇದೆ. ಮಾತು ಶುರುವಾಗುವ ಮೊದಲ ಎರಡು ಸೆಕೆಂಡಿಗೆ ಅದು ಚೆಂದ. ಮಾತಿನ ಕೆಳಗೆ ಬೇಡ. ಅದರ ನಾದ ಮನುಷ್ಯರ ದನಿಯ ಜಾಗದಲ್ಲೇ ಕೂರುತ್ತದೆ, ಮಾತಿನ ವ್ಯಂಜನಗಳನ್ನು ನುಂಗುತ್ತದೆ. ಡೊಳ್ಳೂ ಅಷ್ಟೇ, ಪ್ರತಿ ಪೆಟ್ಟಿಗೂ ಒಂದು ಅಕ್ಷರ ಹೋಗುತ್ತದೆ. ಸಾಹಿತ್ಯ ಇರುವ ಹಾಡಂತೂ ಬೇಡವೇ ಬೇಡ, ಕಿವಿ ಎರಡು ಮಾತಿನ ನಡುವೆ ಹರಿದು ಹೋಗುತ್ತದೆ. ಮಾತಿನ ಕೆಳಗೆ ತಂಬೂರಿಯ ಶ್ರುತಿ ಸಾಕು, ಅದೂ ಮಾತಿಗಿಂತ 15ರಿಂದ 18 ಡೆಸಿಬೆಲ್ ಕೆಳಗೆ. "ಮೊದಲು ಇದನ್ನೇ ಕೇಳಿ" ಮುಗಿದಲ್ಲಿ ಶ್ರುತಿಯನ್ನೂ ಪೂರ್ತಿ ಇಳಿಸಿ, ಕೊನೆಯ ಎರಡು ಪದ ಬರಿ ದನಿಯಲ್ಲಿ ಬರಲಿ.

ದನಿಯ ಅತಿ ಎತ್ತರದ ಜಾಗ ಮೀಟರಿನಲ್ಲಿ −6 ಡೆಸಿಬೆಲ್ ಸುತ್ತ ನಿಲ್ಲುವಂತೆ ರೆಕಾರ್ಡ್ ಮಾಡಿ. ಮಿಶ್ರಣ ಆದ ಮೇಲೆ ಸ್ಟುಡಿಯೊದ ದೊಡ್ಡ ಸ್ಪೀಕರಿನಲ್ಲಿ ಕೇಳಿ ತೀರ್ಮಾನ ಮಾಡಬೇಡಿ. ಕೇಳುಗರು ಇರುವುದು ಆಟೊದಲ್ಲಿ, ಕಿರಾಣಿ ಅಂಗಡಿಯ ಹಲಗೆಯ ಮೇಲಿನ ಹಳೇ ಸೆಟ್ಟಿನ ಮುಂದೆ, ಅಡುಗೆಮನೆಯ ಮೊಬೈಲಿನ ಪಕ್ಕ. ಫೈಲನ್ನು ಒಂದು ಸಾಧಾರಣ ಮೊಬೈಲಿಗೆ ಹಾಕಿ, ಫ್ಯಾನ್ ಹಚ್ಚಿ, ನಾಲ್ಕು ಹೆಜ್ಜೆ ದೂರ ನಿಂತು ಕೇಳಿ. "ಉಗುರಿನಷ್ಟು" ಸ್ಪಷ್ಟವಾಗಿ ಕೇಳಿಸಿತೇ? ಇಲ್ಲವಾದರೆ ಸಂಗೀತವನ್ನು ಇನ್ನೂ ಇಳಿಸಿ.

ಪರೀಕ್ಷೆ

ಇದು ಬಿಡಬಾರದ ಹಂತ. ಬರಹವನ್ನು ನೋಡದ ಒಬ್ಬರು ಬೇಕು, ಅವರು ಏನಾದರೂ ಕೆಲಸ ಮಾಡುತ್ತಿರಬೇಕು. ಮುನ್ಸೂಚನೆ ಕೊಡದೆ ಒಂದೇ ಸಲ ಕೇಳಿಸಿ. ಹತ್ತು ನಿಮಿಷ ಬೇರೆ ಮಾತಾಡಿ. ಆಮೇಲೆ "ಆಗ ರೇಡಿಯೊದಲ್ಲಿ ಏನು ಹೇಳಿದರು?" ಎಂದು ಕೇಳಿ.

"ಏನೋ ಯುಗಾದಿ ಶುಭಾಶಯ ಅಂದ್ರು" ಎಂದರೆ ಬರಹ ಸೋತಿದೆ. "ಚಂದ್ರ ನೋಡಿ, ಊರಿಗೆ ಫೋನ್ ಮಾಡಿ ಅಂದ್ರು" ಎಂದರೆ ಕೆಲಸ ಆಗಿದೆ, ಪದಗಳು ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ. "ದನಿ ಚೆನ್ನಾಗಿತ್ತು" ಎಂಬ ಉತ್ತರಕ್ಕೆ ಹಿಗ್ಗಬೇಡಿ, ಅದರ ಅರ್ಥ ಮಾತು ಒಳಗಿಳಿಯಲಿಲ್ಲ ಎಂದು. ಚಂದ್ರ ನೆನಪಿದ್ದು ಫೋನ್ ಮರೆತಿದ್ದರೆ, ತಪ್ಪು ಸಾಮಾನ್ಯವಾಗಿ ಅದಕ್ಕಿಂತ ಮೊದಲಿನ ಸಾಲಿನಲ್ಲಿರುತ್ತದೆ: ನಮಸ್ಕಾರದ ಸಾಲನ್ನು ಅತಿ ಭಾವದಿಂದ ಓದಿ ಮುಗಿಸಿದರೆ ಕೇಳುವವರಿಗೆ ಶುಭಾಶಯ ಅಲ್ಲಿಗೇ ಮುಗಿಯಿತು ಅನ್ನಿಸುತ್ತದೆ. ಆ ಸಾಲಿನ ಕೊನೆಯಲ್ಲಿ ದನಿಯನ್ನು ಪೂರ್ತಿ ಇಳಿಸದೆ ಮತ್ತೊಮ್ಮೆ ಓದಿ.

ಅರವತ್ತು ದಾಟಿದ ಒಬ್ಬರಿಗೂ, ಇಪ್ಪತ್ತರ ಒಬ್ಬರಿಗೂ ಕೇಳಿಸುವುದು ಒಳ್ಳೆಯದು. ಪದದ ತಪ್ಪನ್ನು ಹಿರಿಯರು ಹಿಡಿಯುತ್ತಾರೆ, ಎಲ್ಲಿ ಬೇಸರ ಬಂತು ಎಂಬುದನ್ನು ಕಿರಿಯರು.

ಪ್ರಸಾರದ ಚೀಟಿ

ಫೈಲಿನ ಜೊತೆ ಡ್ಯೂಟಿಯಲ್ಲಿರುವವರಿಗೆ ಒಂದು ಚೀಟಿ ಕೊಡಿ. ಅದರಲ್ಲಿ ದಿನಾಂಕ, ಪ್ರಸಾರದ ಹೊತ್ತು, ಒಟ್ಟು ಅವಧಿ, ಮೊದಲ ಮತ್ತು ಕೊನೆಯ ಪದ ಇರಬೇಕು. ಕೊನೆಯ ಪದ "ಕಂಡ್ತಾ" ಎಂದು ಬರೆಯದಿದ್ದರೆ, ಅದರ ಮೊದಲಿನ ಒಂದು ಸೆಕೆಂಡಿನ ಮೌನವನ್ನೇ ಕೊನೆ ಎಂದುಕೊಂಡು ಮುಂದಿನ ಹಾಡು ಬಿಟ್ಟುಬಿಡುತ್ತಾರೆ. 6.05ಕ್ಕೆ ಒಮ್ಮೆ, 6.30ಕ್ಕೆ ಒಮ್ಮೆ, ಎರಡೇ ಸಲ. 6.40ರ ನಂತರ ಬೇಡ ಎಂದು ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಶುಭಾಶಯಕ್ಕೆ ಅಂಟಿಕೊಂಡೇ ಜಾಹೀರಾತು ಬರದಂತೆ ನಡುವೆ ಒಂದು ಹಾಡು ಇಡಲು ಹೇಳಿ. "ಚಂದ್ರ ಕಂಡ್ತಾ?" ಎಂದ ಮರುಕ್ಷಣ ಸಿಮೆಂಟಿನ ಹೆಸರು ಬಂದರೆ ಅಷ್ಟು ಹೊತ್ತು ಕಟ್ಟಿದ್ದು ಕುಸಿಯುತ್ತದೆ.

ಆಕಾಶ ಪೂರ್ತಿ ಮೋಡ ಕವಿದಿದ್ದರೆ ಎರಡನೇ ಪ್ರಸಾರ ಬಿಟ್ಟು, ಅದೇ ಫೈಲನ್ನು ಮರುದಿನ ಸಂಜೆ ಹಾಕಬಹುದು. ಬರಹದಲ್ಲಿ "ಇವತ್ತು ಪಾಡ್ಯ" ಎಂಬ ಮಾತು ಇಲ್ಲದಿರುವುದು ಇದಕ್ಕೇ. ಜಿಲ್ಲೆಯಲ್ಲಿ ಆ ದಿನ ದೊಡ್ಡ ಅಪಘಾತವೋ ಸಾವೋ ಆಗಿದ್ದರೆ ಶುಭಾಶಯವನ್ನು ತಡೆಹಿಡಿಯುವ ಅಧಿಕಾರ ಯಾರಿಗಿದೆ ಎಂದೂ ಚೀಟಿಯಲ್ಲೇ ಬರೆದಿಡಿ, ಆ ಹೊತ್ತಿನಲ್ಲಿ ಫೋನ್ ಮಾಡಿ ಕೇಳುತ್ತಾ ಕೂರಲು ಆಗುವುದಿಲ್ಲ. ಬಿದಿಗೆಯ ಸಂಜೆ ಮುಗಿದ ಕೂಡಲೇ ಫೈಲನ್ನು ಪ್ರಸಾರದ ಪಟ್ಟಿಯಿಂದ ತೆಗೆಸಿ. ಮುಂದಿನ ವರ್ಷ ಅದನ್ನೇ ಬಳಸಬಹುದು ಅನ್ನಿಸಿದರೆ, ಹೊಸ ಪಂಚಾಂಗ ಕೈಗೆ ಬಂದ ಮೇಲೆ ಅಮಾವಾಸ್ಯೆಯ ಗಂಟೆಯನ್ನು ಮತ್ತೆ ಎಣಿಸಿ ಹೊಸ ಚೀಟಿ ಬರೆಯಿರಿ.